ಟೈಟ್ರೇಷನ್ ಮಾತ್ರ ಗೊತ್ತಿರುವವರು ಘನಸ್ಥಿತಿ ರಸಾಯನಶಾಸ್ತ್ರದ ಲ್ಯಾಬಿಗೆ ಏನಂತ ಬರೆಯಬೇಕು?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಪಿ.ಸಿ.ಎಂ. ಮುಂದಿನ ಬೇಸಿಗೆ ರಜೆಯಲ್ಲಿ ಯಾವುದಾದರೂ ಯೂನಿವರ್ಸಿಟಿ ಲ್ಯಾಬಿನಲ್ಲಿ ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಎರಡು ತಿಂಗಳ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ನಾಲ್ಕು ಲೆಕ್ಚರರ್‌ಗಳಿಗೆ ಇಮೇಲ್ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ಪತ್ರದಲ್ಲಿ ಹೀಗೆ ಬರೆದಿದ್ದೆ: 'ನಾನು ಸಾಲಿಡ್ ಸ್ಟೇಟ್, ಥರ್ಮೋಡೈನಮಿಕ್ಸ್, ಕೋಆರ್ಡಿನೇಷನ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಸ್ಪೆಕ್ಟ್ರೋಸ್ಕೋಪಿ ಓದಿದ್ದೇನೆ. ಎಕ್ಸ್‌ಆರ್‌ಡಿ, ಎಸ್‌ಇಎಂ ಬಗ್ಗೆ ಜ್ಞಾನವಿದೆ. ನ್ಯಾನೊ ವಸ್ತುಗಳಲ್ಲಿ ಅಪಾರ ಆಸಕ್ತಿ ಇದೆ. ತಮ್ಮ ಅಮೂಲ್ಯ ಮಾರ್ಗದರ್ಶನ ಬೇಕು.' ನಿಜ ಹೇಳಬೇಕೆಂದರೆ ನಮ್ಮ ಕಾಲೇಜಿನಲ್ಲಿ ಆ ಯಂತ್ರಗಳಿಲ್ಲ. ಲ್ಯಾಬಿನಲ್ಲಿ ಟೈಟ್ರೇಷನ್, ಗ್ರಾವಿಮೆಟ್ರಿ ಬಿಟ್ಟರೆ ಏನೂ ಮಾಡಿಲ್ಲ. ನನಗೆ 68 ಪರ್ಸೆಂಟ್ ಇದೆ. ಇಂಥ ಅವಕಾಶ ಐಸರ್, ಐಐಟಿ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಸ್ನೇಹಿತರು ಹೇಳುತ್ತಾರೆ. ಪತ್ರದಲ್ಲಿ ಏನು ತಪ್ಪಾಗಿದೆ?

ಉತ್ತರ:

ನಿಮ್ಮ ಪತ್ರದಲ್ಲಿ ಇರಬೇಕಾಗಿದ್ದ ಸಂಗತಿಯನ್ನು ಪತ್ರದಲ್ಲಿ ಬಿಟ್ಟು ನನಗೆ ಹೇಳಿದ್ದೀರಿ. ಟೈಟ್ರೇಷನ್ ಮತ್ತು ಗ್ರಾವಿಮೆಟ್ರಿ. ಎಕ್ಸ್‌ಆರ್‌ಡಿ, ಎಸ್‌ಇಎಂ ಸಾಲನ್ನು ಅಳಿಸಿ ಆ ಜಾಗದಲ್ಲಿ ಇವನ್ನು ಬರೆಯಿರಿ. ಯಾಕೆ ಅಂತ ಹೇಳಬೇಕಾದರೆ ಮೊದಲು ಮೇಜಿನ ಈಚೆ ಕಡೆ ಕೂತವರಿಗೆ ನಿಮ್ಮ ಪತ್ರ ಹೇಗೆ ಕಾಣುತ್ತದೆ ಅನ್ನೋದನ್ನು ಹೇಳಬೇಕು.

ಘನಸ್ಥಿತಿ ಲ್ಯಾಬಿನ ಕೆಲಸ ನಿಧಾನದ್ದು. ಒಂದು ಆಕ್ಸೈಡ್ ಮಾಡಬೇಕು ಅಂತಿಟ್ಟುಕೊಳ್ಳಿ. ಪುಡಿಗಳನ್ನು ಲೆಕ್ಕ ಹಾಕಿ ತೂಗಬೇಕು. ಅಗೇಟ್ ಕಲ್ಬತ್ತಿನಲ್ಲಿ ಅಸಿಟೋನ್ ಹಾಕಿ ಅರ್ಧ ಮುಕ್ಕಾಲು ಗಂಟೆ ಅರೆಯಬೇಕು. ಕುಲುಮೆಯಲ್ಲಿ 900 ಡಿಗ್ರಿ ಆಸುಪಾಸಿನಲ್ಲಿ ರಾತ್ರಿಯಿಡೀ ಬಿಡಬೇಕು. ತಣ್ಣಗಾದ ಮೇಲೆ ತೆಗೆದು ಮತ್ತೆ ಅರೆದು ಮತ್ತೆ ಕಾಯಿಸಬೇಕು. ಘನ ಪುಡಿಗಳಲ್ಲಿ ಅಯಾನುಗಳು ಒಂದು ಕಣದಿಂದ ಇನ್ನೊಂದಕ್ಕೆ ತುಂಬಾ ನಿಧಾನವಾಗಿ ಸರಿಯುತ್ತವೆ. ಕಣಗಳು ತಾಗಿಕೊಂಡಿರುವ ಕಡೆಯಷ್ಟೇ ಕ್ರಿಯೆ ನಡೆಯುತ್ತದೆ. ಹಾಗಾಗಿ ಅರೆಯುವುದು, ಕಾಯಿಸುವುದು, ಎರಡನ್ನೂ ಎರಡು ಮೂರು ಸುತ್ತು ಮಾಡದೆ ವಿಧಿಯಿಲ್ಲ. ಒಂದು ಸುತ್ತಿಗೆ ಸುಮಾರು ಎರಡು ದಿನ. ಕುಲುಮೆ ನಿಮ್ಮೊಬ್ಬರಿಗೇ ಅಲ್ಲ, ಸರದಿ ಇರುತ್ತದೆ. ಪುಡಿಯ ಹರಳಿನ ರಚನೆಯನ್ನು ಎಕ್ಸ್‌ಕಿರಣದಿಂದ ನೋಡುವ ಎಕ್ಸ್‌ಆರ್‌ಡಿ ಯಂತ್ರ ಸಾಮಾನ್ಯವಾಗಿ ಇಡೀ ಯೂನಿವರ್ಸಿಟಿಗೆ ಹಂಚಿಕೆಯದ್ದು. ಅಲ್ಲೂ ಸರದಿ.

ಎರಡು ತಿಂಗಳಲ್ಲಿ ಒಬ್ಬ ಹೊಸಬರ ಕೈಯಿಂದ ಬರುವುದು ಕೆಲವೇ ಸ್ಯಾಂಪಲ್. ಅದರಲ್ಲಿ ಮೊದಲನೆಯದರ ತೂಕ ತಪ್ಪಾದರೆ ಒಂದು ವಾರ ಹೋಯಿತು. ನಿಮ್ಮನ್ನು ದಿನಾ ನೋಡಿಕೊಳ್ಳುವವರು ಲೆಕ್ಚರರ್ ಅಲ್ಲ, ಅವರ ಪಿಎಚ್.ಡಿ. ವಿದ್ಯಾರ್ಥಿ. ಆ ಹುಡುಗನ ಅಥವಾ ಹುಡುಗಿಯ ವಾರವೂ ಹೋಯಿತು. ಆದ್ದರಿಂದ ಪತ್ರ ಓದುವವರ ತಲೆಯಲ್ಲಿ ಇರುವುದು ಸರಳ ಪ್ರಶ್ನೆ: ಇವರ ಕೈಗೆ ತಕ್ಕಡಿ ಕೊಡಬಹುದಾ? ಬರೆದಿಟ್ಟ ಅಂಕಿ ನಂಬಬಹುದಾ?

'ಎಕ್ಸ್‌ಆರ್‌ಡಿ ಬಗ್ಗೆ ಜ್ಞಾನವಿದೆ' ಅನ್ನೋ ಸಾಲು ಈ ಪ್ರಶ್ನೆಗೆ ಏನೂ ಹೇಳುವುದಿಲ್ಲ. ಅದು ಎಲ್ಲರ ಪತ್ರದಲ್ಲೂ ಇರುತ್ತದೆ. ಜೊತೆಗೆ ಯಂತ್ರ ನಡೆಸುವವರು ಬೇರೆಯೇ ಇರುತ್ತಾರೆ. ನೀವು ಪುಡಿ ಕೊಟ್ಟು ಬರುತ್ತೀರಿ, ಅಷ್ಟೇ. 'ನ್ಯಾನೊದಲ್ಲಿ ಅಪಾರ ಆಸಕ್ತಿ' ಅಂದರೆ ಇನ್ನೂ ತೊಂದರೆ. ಒರಟು ಪುಡಿಯಿಂದ ಸೆರಾಮಿಕ್ ಮಾಡುವವರಿಗೆ ಆ ಸಾಲು ಬಂದರೆ, ನಿಮ್ಮ ಪತ್ರ ಹತ್ತು ಕಡೆ ಹೋಗಿದೆ ಅಂತ ಅವರಿಗೆ ತಕ್ಷಣ ತಿಳಿಯುತ್ತದೆ.

ಈಗ ಟೈಟ್ರೇಷನ್‌ಗೆ ಬರುತ್ತೇನೆ. ಕಾಪರ್ ಸಲ್ಫೇಟ್‌ನಲ್ಲಿ ತಾಮ್ರ ಎಷ್ಟಿದೆ ಅಂತ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಹಾಕಿ ಕಂಡುಹಿಡಿದಿರುತ್ತೀರಿ. ಪೊಟ್ಯಾಸಿಯಂ ಅಯೊಡೈಡ್ ಹಾಕಿದಾಗ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ, ಹೈಪೋ ಬಿಡುತ್ತಾ ಹೋದರೆ ಹಳದಿಯಾಗುತ್ತದೆ, ಆಗ ಸ್ಟಾರ್ಚ್ ಹಾಕುತ್ತೀರಿ, ನೀಲಿ ಹೋದರೆ ಎಂಡ್ ಪಾಯಿಂಟ್. ಇದೇ ಅಯೋಡೊಮೆಟ್ರಿಯನ್ನು ಘನಸ್ಥಿತಿ ಲ್ಯಾಬುಗಳಲ್ಲಿ ಇವತ್ತಿಗೂ ಮಾಡುತ್ತಾರೆ. ತಾಮ್ರ, ಮ್ಯಾಂಗನೀಸ್, ಕೋಬಾಲ್ಟ್ ಇರುವ ಆಕ್ಸೈಡ್‌ನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತಿಳಿಯುವುದಕ್ಕೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ಆಕ್ಸೈಡ್ ಒಂದಿದೆ, YBa2Cu3O7 ಅಂತ ಬರೆಯುತ್ತಾರೆ. ದ್ರವ ಸಾರಜನಕದ ಕುದಿಬಿಂದುವಿಗಿಂತ, ಅಂದರೆ 77 ಕೆಲ್ವಿನ್‌ಗಿಂತ, ಮೇಲೆಯೇ ವಿದ್ಯುತ್ತಿಗೆ ತಡೆಯೇ ಒಡ್ಡದ ಸೂಪರ್‌ಕಂಡಕ್ಟರ್ ಆಗುವ ಮೊದಲ ವಸ್ತು ಅಂತ 1987ರಲ್ಲಿ ಹೆಸರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪು ಅದೇ ವರ್ಷ ಇದರ ಮೇಲೆ ಕೆಲಸ ಮಾಡಿ ಪ್ರಕಟಿಸಿತು. ಸೂತ್ರದಲ್ಲಿ ಆಕ್ಸಿಜನ್ 7 ಅಂತ ಬರೆದರೂ ನಿಜವಾದ ಸ್ಯಾಂಪಲ್‌ನಲ್ಲಿ ಅದು 6ರಿಂದ 7ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 6.9ರ ಹತ್ತಿರ ಇದ್ದರೆ ಸುಮಾರು 90 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್. 6.3ಕ್ಕಿಂತ ಕೆಳಗೆ ಇಳಿದರೆ ಸೂಪರ್‌ಕಂಡಕ್ಟರ್ ಅಲ್ಲವೇ ಅಲ್ಲ. ಎರಡೂ ಕಪ್ಪು ಪುಡಿ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎಕ್ಸ್‌ಕಿರಣಕ್ಕೆ ಆಕ್ಸಿಜನ್ ತುಂಬಾ ಹಗುರ. ಪಕ್ಕದಲ್ಲಿ ಬೇರಿಯಂನಂಥ ಭಾರದ ಪರಮಾಣು ಇದ್ದಾಗ ಅದರ ಸದ್ದಿನಲ್ಲಿ ಆಕ್ಸಿಜನ್‌ನ ದನಿ ಕೇಳುವುದೇ ಇಲ್ಲ. ಯೂನಿಟ್ ಸೆಲ್‌ನ ಉದ್ದದಿಂದ ಅಂದಾಜು ಮಾಡಬಹುದು, ಆದರೆ ಅದು ಪರೋಕ್ಷ ದಾರಿ. ಬ್ಯೂರೆಟ್ ನೇರವಾಗಿ ಹೇಳುತ್ತದೆ.

ಹೇಗೆ ಅಂದರೆ, ಒಂದೇ ಸ್ಯಾಂಪಲ್ ಮೇಲೆ ಎರಡು ಟೈಟ್ರೇಷನ್. ಮೊದಲನೆಯದರಲ್ಲಿ 100 ಮಿಲಿಗ್ರಾಂ ಪುಡಿಯನ್ನು ಸಾರರಿಕ್ತ ಆಮ್ಲದಲ್ಲಿ ಕರಗಿಸಿ ಮೆಲ್ಲಗೆ ಕುದಿಸುತ್ತಾರೆ. 2+ಗಿಂತ ಹೆಚ್ಚು ಉತ್ಕರ್ಷಿತವಾಗಿರುವ ತಾಮ್ರ ನೀರಿನೊಂದಿಗೆ ವರ್ತಿಸಿ ಆಕ್ಸಿಜನ್ ಗುಳ್ಳೆ ಬಿಡುತ್ತದೆ. ಕೊನೆಗೆ ಉಳಿಯುವುದೆಲ್ಲ Cu2+. ಈಗ ಅಯೊಡೈಡ್ ಹಾಕಿ ಹೈಪೋ ಬಿಟ್ಟರೆ ಅದು ನೀವು ಮಾಡಿದ ಪ್ರಯೋಗವೇ. ಒಟ್ಟು ತಾಮ್ರ ಎಷ್ಟು ಅಂತ ಗೊತ್ತಾಗುತ್ತದೆ. ಎರಡನೆಯದರಲ್ಲಿ ಇನ್ನೊಂದು 100 ಮಿಲಿಗ್ರಾಂ ಪುಡಿಯನ್ನು, ಅಯೊಡೈಡ್ ಮೊದಲೇ ಸೇರಿಸಿರುವ ಆಮ್ಲಕ್ಕೆ ನೇರವಾಗಿ ಹಾಕುತ್ತಾರೆ. ಈ ಸಲ ಹೆಚ್ಚುವರಿ ಉತ್ಕರ್ಷಣೆ ನೀರಿನ ಮೇಲೆ ವ್ಯರ್ಥವಾಗುವುದಿಲ್ಲ, ಅಯೊಡೈಡ್ ಮೇಲೆ ನಡೆಯುತ್ತದೆ. ಅಯೋಡಿನ್ ಜಾಸ್ತಿ ಬರುತ್ತದೆ, ಹೈಪೋ ಜಾಸ್ತಿ ಬೇಕಾಗುತ್ತದೆ.

ಅಂಕಿ ಹಾಕಿ ನೋಡಿ. ಹೈಪೋ 0.02 ಮೋಲಾರ್ ಇದ್ದು, ಸ್ಯಾಂಪಲ್‌ನಲ್ಲಿ ಆಕ್ಸಿಜನ್ 6.9 ಇದ್ದರೆ, ಮೊದಲನೆಯದಕ್ಕೆ ಸುಮಾರು 22.6 ಮಿ.ಲೀ., ಎರಡನೆಯದಕ್ಕೆ ಸುಮಾರು 28.6 ಮಿ.ಲೀ. ಬರುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 1 ಕೂಡಿಸಿದರೆ ತಾಮ್ರದ ಸರಾಸರಿ ಉತ್ಕರ್ಷಣ ಸ್ಥಿತಿ. ಇಲ್ಲಿ 2.27ರ ಹತ್ತಿರ. ಇಟ್ರಿಯಂನದು 3, ಎರಡು ಬೇರಿಯಂನದು 4, ಮೂರು ತಾಮ್ರದ್ದು 6.8. ಒಟ್ಟು ಧನ ಆವೇಶ 13.8. ಆಕ್ಸಿಜನ್‌ಗೆ ತಲಾ 2, ಅಂದರೆ 6.9. ಎರಡೂ ರೀಡಿಂಗ್ ಒಂದೇ ಬಂದರೆ ತಾಮ್ರ ಸರಿಯಾಗಿ 2+, ಆಕ್ಸಿಜನ್ 6.5. ಆರು ಮಿ.ಲೀ. ವ್ಯತ್ಯಾಸದಲ್ಲಿ ಇಡೀ ಕಥೆ ಇದೆ. ಎರಡನೇ ರೀಡಿಂಗ್ 0.1 ಮಿ.ಲೀ. ತಪ್ಪಿದರೆ ಉತ್ತರ ಸುಮಾರು 0.007ರಷ್ಟು ಆಚೀಚೆ ಆಗುತ್ತದೆ. ಕಾಲೇಜಿನ ಬ್ಯೂರೆಟ್‌ನಲ್ಲೂ ಸಾಧ್ಯವಾಗುವ ನಿಖರತೆ ಇದು, ಅಲ್ವಾ?

ಇದರಲ್ಲಿ ಕೆಡುವುದೂ ನಿಮಗೆ ಗೊತ್ತಿರುವ ಕಡೆಗಳಲ್ಲೇ. ಎಂಡ್ ಪಾಯಿಂಟ್ ಆದ ಮೇಲೆ ಫ್ಲಾಸ್ಕ್ ಸ್ವಲ್ಪ ಹೊತ್ತು ಇಟ್ಟರೆ ನೀಲಿ ಬಣ್ಣ ಮರಳಿ ಬರುವುದನ್ನು ನೋಡಿರಬಹುದು. ಆಮ್ಲದಲ್ಲಿರುವ ಅಯೊಡೈಡನ್ನು ಗಾಳಿಯ ಆಕ್ಸಿಜನ್ ಅಯೋಡಿನ್ ಮಾಡುತ್ತದೆ. ಎರಡನೇ ಟೈಟ್ರೇಷನ್‌ನಲ್ಲಿ ಇದು ಆದರೆ ಆಕ್ಸಿಜನ್ ಇಲ್ಲದ ಕಡೆ ಇದೆ ಅಂತ ಉತ್ತರ ಬರುತ್ತದೆ. ಅದಕ್ಕೇ ಅದನ್ನು ನೈಟ್ರೋಜನ್ ಅಥವಾ ಆರ್ಗಾನ್ ಹಾಯಿಸುತ್ತಾ ಮಾಡುತ್ತಾರೆ. ಇನ್ನೊಂದು, ತಳದಲ್ಲಿ ಕೂರುವ ಬಿಳಿ ಕ್ಯುಪ್ರಸ್ ಅಯೊಡೈಡ್ ಸ್ವಲ್ಪ ಅಯೋಡಿನ್ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಯಲ್ಲಿ ಥಯೋಸಯನೇಟ್ ಹಾಕಿ ಅದನ್ನು ಬಿಡಿಸುವುದನ್ನು ನಿಮ್ಮ ಲ್ಯಾಬಿನಲ್ಲೂ ಮಾಡಿರುತ್ತೀರಿ. ಬಹಳ ಜನ ಅದನ್ನು ಯಾಕೆ ಅಂತ ಕೇಳದೆ ಹಾಕುತ್ತಾರೆ.

ಈ ವಿಧಾನದ ಮಿತಿಯನ್ನೂ ತಿಳಿದಿರಿ. ಇದು ಸರಾಸರಿಯನ್ನಷ್ಟೇ ಕೊಡುತ್ತದೆ. ಸ್ಯಾಂಪಲ್‌ನಲ್ಲಿ ಕ್ರಿಯೆಯಾಗದ ಕಾಪರ್ ಆಕ್ಸೈಡ್ ಉಳಿದಿದ್ದರೆ ಅದರ ತಾಮ್ರವೂ ಲೆಕ್ಕಕ್ಕೆ ಬರುತ್ತದೆ. ಅದೆಲ್ಲ 2+, ಹಾಗಾಗಿ ಸರಾಸರಿ ಕೆಳಗಿಳಿಯುತ್ತದೆ, ಆಕ್ಸಿಜನ್ ಕಡಿಮೆ ಇದೆ ಅಂತ ಮೋಸ ಹೋಗುತ್ತೀರಿ. ಬ್ಯೂರೆಟ್‌ಗೆ ಇದು ಗೊತ್ತಾಗುವುದಿಲ್ಲ. ಎಕ್ಸ್‌ಆರ್‌ಡಿಯಲ್ಲಿ ಕಾಪರ್ ಆಕ್ಸೈಡ್‌ನ ಗೆರೆಗಳು ಇವೆಯಾ ಅಂತ ಮೊದಲು ನೋಡಿದ ಮೇಲೇ ಟೈಟ್ರೇಷನ್‌ಗೆ ಅರ್ಥ.

ಗ್ರಾವಿಮೆಟ್ರಿಯ ವಿಷಯವೂ ಹೀಗೇ. ಬೇರಿಯಂ ಸಲ್ಫೇಟ್ ಪ್ರಯೋಗದಲ್ಲಿ ಮೂಸೆಯನ್ನು ಕಾಯಿಸಿ, ಡೆಸಿಕೇಟರ್‌ನಲ್ಲಿ ತಣಿಸಿ, ತೂಗಿ, ಮತ್ತೆ ಕಾಯಿಸಿ, ತೂಕ ಬದಲಾಗದಿರುವ ತನಕ ಮಾಡಿದ್ದೀರಿ. ಬೇಸರದ ಕೆಲಸ, ನಿಜ. ಈಗ ಲ್ಯಾಂಥನಮ್ ಆಕ್ಸೈಡ್ ನೋಡಿ. ಮ್ಯಾಂಗನೈಟ್, ಕೋಬಾಲ್ಟೈಟ್ ಮಾಡುವ ಲ್ಯಾಬುಗಳಲ್ಲಿ ಎಲ್ಲ ಕಡೆ ಇರುವ ಬಿಳಿ ಪುಡಿ. ಬಾಟಲಿ ತೆರೆದಿಟ್ಟರೆ ಗಾಳಿಯ ತೇವ ಹೀರಿಕೊಂಡು ಹೈಡ್ರಾಕ್ಸೈಡ್ ಆಗುತ್ತದೆ. ಆಗಲೂ ಬಿಳಿ ಪುಡಿಯೇ. ಪೂರ್ತಿ ಹೈಡ್ರಾಕ್ಸೈಡ್ ಆಗಿದ್ದರೆ ತೂಕ ಸುಮಾರು 16.6 ಪರ್ಸೆಂಟ್ ಹೆಚ್ಚಿರುತ್ತದೆ. ಲೇಬಲ್ ನಂಬಿ ಆಕ್ಸೈಡ್ ಅಂತಲೇ ತೂಗಿದರೆ ನಿಮ್ಮ ಮಿಶ್ರಣದಲ್ಲಿ ಲ್ಯಾಂಥನಮ್ 14 ಪರ್ಸೆಂಟ್ ಕಡಿಮೆ. ಕುಲುಮೆಯಲ್ಲಿ ಎಷ್ಟು ದಿನ ಇಟ್ಟರೂ ಒಂದಿಷ್ಟು ಮ್ಯಾಂಗನೀಸ್ ಆಕ್ಸೈಡ್ ಜೊತೆಗಾರನಿಲ್ಲದೆ ಉಳಿಯುತ್ತದೆ. ಆದ್ದರಿಂದ ತೂಗುವ ಮುಂಚೆ ಅದನ್ನು 900ರಿಂದ 1000 ಡಿಗ್ರಿಗೆ ಕಾಯಿಸಿ, ಡೆಸಿಕೇಟರ್‌ನಲ್ಲಿ ತಣಿಸಿ, ತಡಮಾಡದೆ ತೂಗುತ್ತಾರೆ. ನೀವು ಮೂಸೆಯ ಮೇಲೆ ಮಾಡಿದ್ದನ್ನೇ ಇಲ್ಲಿ ಪುಡಿಯ ಮೇಲೆ ಮಾಡುತ್ತಾರೆ.

ಇಷ್ಟು ಹೇಳಿದ್ದು ಇವನ್ನೆಲ್ಲ ಪತ್ರಕ್ಕೆ ತುಂಬಲಿ ಅಂತಲ್ಲ. ನೀವು ಓದಿದ್ದರಲ್ಲಿ ಯಾವುದು ಆ ಲ್ಯಾಬಿನ ದಿನದ ಕೆಲಸಕ್ಕೆ ನೇರ ತಾಗುತ್ತದೆ ಅಂತ ನೋಡಿ, ಅದೊಂದನ್ನು ಬರೆಯಿರಿ. ಪೇಪರ್‌ಗಳ ಹೆಸರಿನ ಪಟ್ಟಿ ಬೇಡ, ಅದು ಮಾರ್ಕ್ಸ್ ಕಾರ್ಡಿನಲ್ಲಿ ಇದೆ.

ಯಾವುದು ತಾಗುತ್ತದೆ ಅಂತ ಕಂಡುಕೊಳ್ಳೋದು ಹೇಗೆ? ಆ ಲೆಕ್ಚರರ್ ಇತ್ತೀಚೆಗೆ ಪ್ರಕಟಿಸಿದ ಒಂದೆರಡು ಪ್ರಬಂಧ ಹುಡುಕಿ. ಮುನ್ನುಡಿ, ಚರ್ಚೆ ಅರ್ಥ ಆಗದಿದ್ದರೆ ಚಿಂತೆಯಿಲ್ಲ, ನಿಮ್ಮ ಹಂತಕ್ಕೆ ಆಗುವುದೂ ಇಲ್ಲ. ಪ್ರಯೋಗ ವಿಧಾನದ ಭಾಗವನ್ನು ಮಾತ್ರ ಓದಿ. ಅರ್ಧ ಪುಟ ಇರುತ್ತದೆ. ಯಾವ ಪುಡಿ ತೆಗೆದುಕೊಂಡರು, ಎಷ್ಟು ಡಿಗ್ರಿಗೆ ಎಷ್ಟು ಗಂಟೆ ಕಾಯಿಸಿದರು, ಯಾವ ಅನಿಲದಲ್ಲಿ ತಣಿಸಿದರು, ಆಕ್ಸಿಜನ್ ಹೇಗೆ ಅಳೆದರು. ಅಲ್ಲಿ ಅಯೋಡೊಮೆಟ್ರಿ ಅಂತ ಇದ್ದರೆ ನಿಮ್ಮ ಬಾಗಿಲು ಅದೇ. ಇಲ್ಲದಿದ್ದರೆ ಇನ್ನೊಂದು ಕೊಂಡಿ ಹುಡುಕಬೇಕು. ನೈಟ್ರೇಟ್‌ಗಳನ್ನು ನೀರಿನಲ್ಲಿ ಕರಗಿಸಿ ಯೂರಿಯಾದಂಥ ಇಂಧನ ಹಾಕಿ ಉರಿಸುವ ವಿಧಾನ ಇದ್ದರೆ, ಅದು 1980ರ ದಶಕದಲ್ಲಿ ಬೆಂಗಳೂರಿನಲ್ಲೇ ಕೆ.ಸಿ. ಪಾಟೀಲರ ಗುಂಪು ಬೆಳೆಸಿದ ದಹನ ವಿಧಾನ. ಅಲ್ಲಿ ಇಂಧನ ಎಷ್ಟು ಅನ್ನೋ ಲೆಕ್ಕ ನಿಂತಿರುವುದು ನೀವು ಕಲಿತ ಉತ್ಕರ್ಷಣ-ಅಪಕರ್ಷಣ ಸಮತೋಲನದ ಮೇಲೆ.

ಯಂತ್ರ ಇಲ್ಲ ಅನ್ನೋದಕ್ಕೂ ಒಂದು ಮಾತು. ಎಕ್ಸ್‌ಆರ್‌ಡಿ ಬಗ್ಗೆ ಬರೆಯಲೇಬೇಕು ಅನಿಸಿದರೆ 'ಜ್ಞಾನವಿದೆ' ಅನ್ನೋ ಬದಲು ಒಂದು ಲೆಕ್ಕ ಮಾಡಿ ತೋರಿಸಿ. ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ನಿಮ್ಮ ಪಠ್ಯದಲ್ಲೇ ಇವೆ. ಎರಡರದೂ ಒಂದೇ ರಚನೆ. ಆದರೆ ತಾಮ್ರದ ಎಕ್ಸ್‌ಕಿರಣದಲ್ಲಿ ಸೋಡಿಯಂ ಕ್ಲೋರೈಡ್‌ಗೆ 27.4 ಡಿಗ್ರಿಯ ಹತ್ತಿರ 111 ಅನ್ನೋ ಸಣ್ಣ ಗೆರೆ ಕಾಣುತ್ತದೆ, 31.7ರಲ್ಲಿ 200 ಅನ್ನೋ ದೊಡ್ಡದು. ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ 200 ಗೆರೆ 28.3ರ ಹತ್ತಿರ ಇದೆ, 24.5ರಲ್ಲಿ ಇರಬೇಕಾದ 111 ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಯಾಕೆಂದರೆ ಪೊಟ್ಯಾಸಿಯಂ ಅಯಾನಿನಲ್ಲೂ ಕ್ಲೋರೈಡ್ ಅಯಾನಿನಲ್ಲೂ 18 ಎಲೆಕ್ಟ್ರಾನ್. ಎಕ್ಸ್‌ಕಿರಣಕ್ಕೆ ಇಬ್ಬರೂ ಒಂದೇ ಥರ, ಆ ಗೆರೆಯಲ್ಲಿ ಒಬ್ಬರನ್ನೊಬ್ಬರು ಅಳಿಸಿಬಿಡುತ್ತಾರೆ. VESTA ಅನ್ನೋ ಉಚಿತ ತಂತ್ರಾಂಶದಲ್ಲಿ ಈ ಎರಡೂ ಹರಳುಗಳನ್ನು ಬಿಡಿಸಿ ಗೆರೆಗಳನ್ನು ನೀವೇ ಲೆಕ್ಕ ಹಾಕಿಸಬಹುದು. ಮನೆಯ ಕಂಪ್ಯೂಟರ್ ಸಾಕು. ಇದನ್ನು ಮಾಡಿ ನೋಡಿದವರು ಅಂತ ಗೊತ್ತಾದರೆ, ಹತ್ತು ಉಪಕರಣಗಳ ಹೆಸರು ಬರೆದವರಿಗಿಂತ ಅವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಈಗ ಪತ್ರ. ಕಳಿಸುವುದು ಇಂಗ್ಲಿಷ್‌ನಲ್ಲೇ ಅಂತ ಗೊತ್ತು, ಆದರೆ ಹೇಳಬೇಕಾದದ್ದು ಇಷ್ಟು:

'ಮಾನ್ಯರೇ, ನಾನು ಬಿ.ಎಸ್ಸಿ. ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ, ವಿಷಯಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ತಾಮ್ರದ ಆಕ್ಸೈಡ್ ಬಗ್ಗೆ ನಿಮ್ಮ ಗುಂಪು ಬರೆದ ಪ್ರಬಂಧದಲ್ಲಿ ಆಕ್ಸಿಜನ್ ಪ್ರಮಾಣವನ್ನು ಅಯೋಡೊಮೆಟ್ರಿಯಿಂದ ಅಳೆದಿದ್ದೀರಿ. ನಾನು ಕಾಲೇಜಿನಲ್ಲಿ ಕಾಪರ್ ಸಲ್ಫೇಟ್‌ನಲ್ಲಿರುವ ತಾಮ್ರವನ್ನು ಇದೇ ವಿಧಾನದಲ್ಲಿ ಅಳೆದಿದ್ದೇನೆ. ನನ್ನ ಮೂರು ರೀಡಿಂಗ್ 18.2, 18.4, 18.3 ಮಿ.ಲೀ. ನಿಮ್ಮ ಪ್ರಬಂಧದ ಸೂತ್ರ ಇಟ್ಟುಕೊಂಡು ಎರಡು ಟೈಟ್ರೇಷನ್‌ಗಳ ಅನುಪಾತದಿಂದ ತಾಮ್ರದ ಉತ್ಕರ್ಷಣ ಸ್ಥಿತಿ ಹೇಗೆ ಬರುತ್ತದೆ ಅಂತ ಲೆಕ್ಕ ಮಾಡಿದೆ, ಒಂದು ಪುಟ ಜೊತೆಗಿಟ್ಟಿದ್ದೇನೆ. ಎರಡನೇ ಟೈಟ್ರೇಷನ್ ಅನ್ನು ಗಾಳಿ ತಾಗದಂತೆ ನಾನು ಯಾವತ್ತೂ ಮಾಡಿಲ್ಲ, ಕಲಿಯಬೇಕು. ಬೇರಿಯಂ ಸಲ್ಫೇಟ್ ಗ್ರಾವಿಮೆಟ್ರಿ ಮಾಡಿದ್ದೇನೆ. ಕುಲುಮೆ, ಎಕ್ಸ್‌ಆರ್‌ಡಿ ಬಳಸಿಲ್ಲ. ಬೇಸಿಗೆ ರಜೆಯಲ್ಲಿ ಎಂಟು ವಾರ ಬರಬಲ್ಲೆ, ಉಳಿಯುವ ವ್ಯವಸ್ಥೆ ನಾನೇ ಮಾಡಿಕೊಳ್ಳುತ್ತೇನೆ. ಇಲ್ಲಿಯವರೆಗಿನ ಅಂಕ 68 ಪರ್ಸೆಂಟ್. ನನ್ನ ಪ್ರಯೋಗ ತರಗತಿ ನೋಡಿಕೊಂಡ ಅಧ್ಯಾಪಕರ ಇಮೇಲ್ ಕೆಳಗಿದೆ. ನಿಮ್ಮಲ್ಲಿ ಜಾಗ ಇದೆಯೇ?'

ರೀಡಿಂಗ್ ಜಾಗದಲ್ಲಿ ನಿಮ್ಮ ರೆಕಾರ್ಡಿನಲ್ಲಿರುವ ಅಂಕಿಗಳನ್ನೇ ಹಾಕಿ. ಮೂರೂ ಸರಿಸಮ ಇದ್ದರೆ ನಮಗೆ ನಗು ಬರುತ್ತದೆ. ಮೂರು ಸಲ ಒಂದೇ ರೀಡಿಂಗ್ ಹೇಗೆ ಬರುತ್ತದೆ ಅಂತ ನಾವೂ ವಿದ್ಯಾರ್ಥಿಗಳಾಗಿದ್ದಾಗ ನೋಡಿದವರೇ. 0.1, 0.2 ಆಚೀಚೆ ಇದ್ದರೆ ಅದೇ ಚೆಂದ. ಉಳಿಯುವ ವ್ಯವಸ್ಥೆಯ ಸಾಲನ್ನು ನಿಜವಾಗಿ ಆಗುವುದಾದರೆ ಮಾತ್ರ ಬರೆಯಿರಿ. ಹಾಸ್ಟೆಲ್ ಬೇಕಿದ್ದರೆ ಬೇಕು ಅಂತಲೇ ಹೇಳಿ. ಎಷ್ಟೋ ಸಲ 'ಇಲ್ಲ' ಅನ್ನೋ ಉತ್ತರಕ್ಕೆ ಕಾರಣ ವಿದ್ಯಾರ್ಥಿಯ ಓದಲ್ಲ, ರಜೆಯಲ್ಲಿ ಹಾಸ್ಟೆಲ್ ಸಿಗದಿರುವುದು.

ಈ ಥರದ ಪತ್ರದಲ್ಲಿ ಒಂದು ಅಪಾಯವೂ ಇದೆ. ಬರೆದದ್ದರ ಮೇಲೆ ಪ್ರಶ್ನೆ ಬರುತ್ತದೆ. ಫೋನ್ ಮಾಡಿ 'ಸ್ಟಾರ್ಚ್ ಯಾಕಮ್ಮಾ ಕೊನೆಯಲ್ಲಿ ಹಾಕ್ತೀರಿ?' ಅಂತ ಕೇಳಿದರೆ ಉತ್ತರ ಇರಬೇಕು. ಅಯೋಡಿನ್ ಜಾಸ್ತಿ ಇರುವಾಗಲೇ ಹಾಕಿದರೆ ಸ್ಟಾರ್ಚ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನೀಲಿ ಬೇಗ ಬಿಡುವುದಿಲ್ಲ, ಎಂಡ್ ಪಾಯಿಂಟ್ ತಪ್ಪುತ್ತದೆ. ಮೇಲಿನ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ, ಆಕ್ಸಿಜನ್ 6.7 ಇದ್ದರೆ ಏನಾಗುತ್ತದೆ ಅಂತಲೂ ನೋಡಿ. ಮಾಡದೆ ನನ್ನ ಸಾಲುಗಳನ್ನು ನಕಲು ಮಾಡಿದರೆ ಮೊದಲ ಐದು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

68 ಪರ್ಸೆಂಟ್ ಬಗ್ಗೆ: ಮುಚ್ಚಿಡಬೇಡಿ, ಕಾರಣ ಹೇಳುತ್ತಾ ಕೂರಲೂ ಬೇಡಿ. ಒಂದು ಸಾಲು ಸಾಕು. ಲೆಕ್ಚರರ್ ತಾವೇ ಆರಿಸಿಕೊಳ್ಳುವಾಗ ಪ್ರಯೋಗದ ಅಂಕ, ನಿಮ್ಮ ಅಧ್ಯಾಪಕರ ಮಾತು ಇವಕ್ಕೆ ತೂಕ ಹೆಚ್ಚು. ಸ್ಪರ್ಧೆಯ ಫೆಲೋಶಿಪ್‌ಗಳಲ್ಲಿ ಹಾಗಲ್ಲ, ಅಲ್ಲಿ ಅಂಕ ಎಣಿಕೆಗೆ ಬರುತ್ತದೆ. ಐಸರ್, ಐಐಟಿಯವರಿಗೆ ಮಾತ್ರ ಅನ್ನೋದು ಸುಳ್ಳು. ಆದರೆ ಅದರ ಹಿಂದೆ ಒಂದು ನಿಜ ಇದೆ. ಆ ವಿದ್ಯಾರ್ಥಿಗಳಿಗೆ ಲ್ಯಾಬ್ ಅದೇ ಕ್ಯಾಂಪಸ್ಸಿನಲ್ಲಿ ಇದೆ, ಬಾಗಿಲು ತಟ್ಟಿ ಕೇಳುತ್ತಾರೆ. ನೀವು ಅದನ್ನು ಕಾಗದದಲ್ಲಿ ಮಾಡಬೇಕು.

ದಾರಿಗಳು ಮೂರು ಇವೆ. ನೇರ ಪತ್ರ ಒಂದು. ಅದರಲ್ಲಿ ಉತ್ತರ ಬರದಿರುವುದೇ ಹೆಚ್ಚು, ಹಣವೂ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಯಾವ ಲ್ಯಾಬ್ ಅಂತ ಆರಿಸುವವರು ನೀವು. ಎರಡನೆಯದು ನಿಮ್ಮ ಕಾಲೇಜಿನ ಅಧ್ಯಾಪಕರ ಮೂಲಕ. ಧಾರವಾಡವೋ ಮೈಸೂರೋ ಶಂಕರಘಟ್ಟವೋ, ಅವರು ಎಂ.ಎಸ್ಸಿ. ಮಾಡಿದ ವಿಭಾಗದಲ್ಲಿ ಅವರ ಗುರುಗಳೋ ಸಹಪಾಠಿಗಳೋ ಇರುತ್ತಾರೆ. ಒಂದು ಫೋನ್ ಹೋದರೆ ನಿಮ್ಮ ಪತ್ರ ಖಂಡಿತ ತೆರೆದುಕೊಳ್ಳುತ್ತದೆ. ನನ್ನ ಆಯ್ಕೆ ಕೇಳಿದರೆ ಇದೇ ಮೊದಲು. ತೊಂದರೆ ಏನೆಂದರೆ ಸಿಗುವ ಲ್ಯಾಬ್ ನಿಮಗೆ ಬೇಕಾದ ವಿಷಯದ್ದೇ ಆಗಿರುತ್ತದೆ ಅನ್ನೋ ಹಾಗಿಲ್ಲ, ಮತ್ತು ಮಧ್ಯದಲ್ಲಿ ಬಿಟ್ಟು ಬಂದರೆ ನಿಮ್ಮ ಅಧ್ಯಾಪಕರ ಮಾತು ಹೋಗುತ್ತದೆ.

ಮೂರನೆಯದು ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಮತ್ತು ಪ್ರಯಾಗ್‌ರಾಜ್‌ನ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಒಂದನ್ನು ನಡೆಸುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದು ಇನ್ನೊಂದು. ಅಲ್ಲಿ ಘನಸ್ಥಿತಿ ರಸಾಯನಶಾಸ್ತ್ರದ ಕೆಲಸ ಗಟ್ಟಿಯಾಗಿದೆ. ಇವುಗಳಲ್ಲಿ ಫೆಲೋಶಿಪ್ ಹಣ ಸಿಗುತ್ತದೆ, ಸ್ಪರ್ಧೆ ಜಾಸ್ತಿ. ಬೇಸಿಗೆಯದ್ದು ಅಂತ ಬೇಸಿಗೆಯಲ್ಲಿ ಹುಡುಕಿದರೆ ಆಗಲ್ಲ, ಅರ್ಜಿ ಹಿಂದಿನ ವರ್ಷದ ಕೊನೆಯ ಭಾಗದಲ್ಲೇ ಕರೆಯುತ್ತಾರೆ. ಯಾವ ವರ್ಷದ ವಿದ್ಯಾರ್ಥಿಗಳಿಗೆ ಅನ್ನೋದನ್ನು ಆಯಾ ಪ್ರಕಟಣೆಯಲ್ಲಿ ಈಗಲೇ ನೋಡಿಕೊಳ್ಳಿ. ಏನು ಮಾಡಲು ಬಯಸುತ್ತೀರಿ ಅಂತ ಬರೆಯುವ ಜಾಗ ಅರ್ಜಿಯಲ್ಲಿದ್ದರೆ ಮೇಲಿನ ಪತ್ರದ ವಿಷಯವೇ ಅಲ್ಲಿಗೂ ಹೊಂದುತ್ತದೆ.

ದುಡ್ಡು ಕೊಟ್ಟರೆ 'ಇಂಟರ್ನ್‌ಶಿಪ್ ಸರ್ಟಿಫಿಕೇಟ್' ಕೊಡುವ ಸಂಸ್ಥೆಗಳ ಜಾಹೀರಾತೂ ನಿಮಗೆ ಬರುತ್ತಿರಬಹುದು. ಮನೆಯಲ್ಲಿ ಕೂತು ವಿಡಿಯೋ ನೋಡಿ ಸರ್ಟಿಫಿಕೇಟ್ ತಂದವರಿಗೆ ನಮ್ಮ ವಿಭಾಗದಲ್ಲಿ ಅದರಿಂದ ಏನೂ ಲಾಭ ಆಗಿದ್ದನ್ನು ನಾನು ನೋಡಿಲ್ಲ.

ಕಳಿಸುವ ಸಮಯ ನೋಡಿ. ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳಲ್ಲಿ ಹೋದ ಪತ್ರ ಇಮೇಲ್‌ನ ತಳ ಸೇರುತ್ತದೆ. ಬೇಸಿಗೆಗೆ ಜನವರಿ, ಫೆಬ್ರವರಿಯಲ್ಲಿ ಬರೆಯಿರಿ. ಎರಡು ವಾರ ಕಾದು ಅದೇ ಪತ್ರದ ಕೆಳಗೆ ಎರಡು ಸಾಲಿನ ನೆನಪೋಲೆ ಕಳಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ, ಇನ್ನೊಬ್ಬರ ಪ್ರಬಂಧ ತೆಗೆಯಿರಿ. ಮೊದಲು ಬರೆದ ನಾಲ್ವರಲ್ಲಿ ಯಾರದಾದರೂ ಪ್ರಬಂಧದಲ್ಲಿ ಅಯೋಡೊಮೆಟ್ರಿ ಸಿಕ್ಕರೆ ಅವರಿಗೆ ಹೊಸ ಪತ್ರ ಕಳಿಸಲು ಸಂಕೋಚ ಬೇಡ. ಹಳೆಯದು ಅವರ ನೆನಪಿನಲ್ಲಿ ಇರುವುದಿಲ್ಲ.

ಯಾರಾದರೂ 'ಬನ್ನಿ' ಅಂದರೆ, ಹೊರಡುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ದಿನಾ ನೋಡಿಕೊಳ್ಳುವವರು ಯಾರು, ಕುಲುಮೆ ವಾರಕ್ಕೆ ಎಷ್ಟು ದಿನ ಸಿಗುತ್ತದೆ, ಎಕ್ಸ್‌ಆರ್‌ಡಿ ಖರ್ಚು ಯಾರದ್ದು. ಬೇರಿಯಂ ಕಾರ್ಬೊನೇಟ್ ಬಳಸುವ ಲ್ಯಾಬ್ ಆದರೆ ಮಾಸ್ಕ್, ಗ್ಲೌಸ್ ಇವೆಯಾ ಅಂತಲೂ ಕೇಳಿ. ಅದು ಹೊಟ್ಟೆಗೆ ಹೋದರೆ ವಿಷ, ಅರೆಯುವಾಗ ಏಳುವುದು ಅದರ ದೂಳೇ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರ ಲ್ಯಾಬಿಗೆ ಹೋಗದಿದ್ದರೂ ನಡೆಯುತ್ತದೆ.